‘ಅವಳಿಗೇ ಆಗಿಬಿಡಲಿ’ ಎಂಬ ತೀರ್ಪಿನ ವಿರುದ್ಧ

ಎರಡನೆಯ ಮಗುವಾದ ಮನೆಯಲ್ಲಿ ಮುಂದೆ ಮಕ್ಕಳು ಬೇಡ ಎನ್ನುವ ತೀರ್ಮಾನಕ್ಕೆ ಒಂದಿಷ್ಟು ಮಾತುಕತೆಯಾದರೂ ನಡೆಯುತ್ತದೆ. ಆಪರೇಷನ್ ಯಾರಿಗೆ ಎನ್ನುವ ಪ್ರಶ್ನೆಗೆ ಅಷ್ಟೂ ನಡೆಯುವುದಿಲ್ಲ. ಅತ್ತೆ, ತವರಿನ ತಾಯಿ, ಆಶಾ ಕಾರ್ಯಕರ್ತೆ, ವಾರ್ಡಿನ ನರ್ಸು, ಎಲ್ಲರೂ ಹೆಂಡತಿಯ ಕಡೆಗೇ ನೋಡಿ ಮಾತಾಡುತ್ತಾರೆ. ಗಂಡ ಹೊರಗೆ ಔಷಧಿ ಅಂಗಡಿಯ ಮುಂದೆ ನಿಂತಿರುತ್ತಾನೆ.

2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದರ ಫಲಿತಾಂಶವನ್ನು ಅಂಕಿಯಲ್ಲಿ ಹೇಳುತ್ತದೆ. ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಟ್ಯುಬೆಕ್ಟಮಿ ಮಾಡಿಸಿಕೊಂಡವರು. ಗಂಡನ ವ್ಯಾಸೆಕ್ಟಮಿಯನ್ನು ನೆಚ್ಚಿಕೊಂಡ ದಂಪತಿಗಳ ಪಾಲು, ದಶಮಾಂಶದ ಒಂದು ಸ್ಥಾನದವರೆಗೆ ಲೆಕ್ಕ ಹಾಕಿದರೂ, ಸೊನ್ನೆ. ಇಬ್ಬರ ಮುಂದೆ ಇರುವ ಎರಡು ದಾರಿಗಳಲ್ಲಿ ಒಂದನ್ನು ಯಾರೂ ಹಿಡಿಯುತ್ತಿಲ್ಲ ಎಂದರೆ ಅಲ್ಲಿ ಆಯ್ಕೆ ನಡೆದಿಲ್ಲ, ವಾಡಿಕೆ ನಡೆದಿದೆ. ಆ ವಾಡಿಕೆ ತಪ್ಪು ಎನ್ನುವುದು ನನ್ನ ವಾದ. ಹೆಂಡತಿಯೇ ಏಕೆ ಎನ್ನುವುದಕ್ಕೆ ಕೊಡುವ ಕಾರಣಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಒಂದೇ ಒಂದು ಕಾರಣಕ್ಕೆ ಸ್ವಲ್ಪ ಬಲವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತುಮಕೂರಿನ ಕಡೆಯ ಊರು. ಗಂಡನಿಗೆ 32, ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಹೆಂಡತಿಗೆ 26, ಮೊದಲ ಬಸಿರಿನವರೆಗೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಐದು ತಿಂಗಳು, ಎರಡೂ ನಾರ್ಮಲ್ ಹೆರಿಗೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳು ಮಾತು ತೆಗೆಯುತ್ತಾಳೆ.

‘ರೀ, ಆಪರೇಷನ್ನು ನೀವೇ ಯಾಕೆ ಮಾಡಿಸ್ಕೋಬಾರ್ದು? ಗಂಡಸ್ರಿಗೆ ಹೊಲಿಗೆನೂ ಇರಲ್ವಂತೆ.’

‘ನಾನಾ? ಗಾಡಿ ಓಡ್ಸೋನು ಕಣೇ ನಾನು. ಮೂಟೆ ಎತ್ಬೇಕು. ಶಕ್ತಿ ಹೋದ್ರೆ ಸಂಸಾರ ನೋಡೋರ್ಯಾರು?’

ಒಳಗಿನಿಂದ ಅತ್ತೆಯ ದನಿ: ‘ದುಡಿಯೋ ಗಂಡಸಿಗೆ ಕತ್ತರಿ ಹಾಕುಸ್ತಾರೇನಮ್ಮ? ನಾನೇ ಮಾಡಿಸ್ಕೊಂಡಿದ್ದೆ. ನಂಗೇನಾಯ್ತು?’

‘ಆಗ್ಲಿ ಬಿಡಿ ಅತ್ತೆ’ ಎಂದು ಅವಳು ಸುಮ್ಮನಾಗುತ್ತಾಳೆ. ಹೆಚ್ಚಿನ ಮನೆಗಳಲ್ಲಿ ಇಷ್ಟು ಮಾತೂ ಆಗುವುದಿಲ್ಲ. ಆದ ಈ ಮಾತುಗಳಲ್ಲಿ ಎಷ್ಟು ಹುರುಳಿದೆ ಎಂದು ನೋಡೋಣ.

ಮೊದಲು ‘ಶಕ್ತಿ’. ವೃಷಣ ಎರಡು ಕೆಲಸ ಮಾಡುತ್ತದೆ. ಗಂಡಸುತನದ ಹಾರ್ಮೋನು ತಯಾರಿಸಿ ನೇರವಾಗಿ ರಕ್ತಕ್ಕೆ ಬಿಡುವುದು ಒಂದು, ವೀರ್ಯಾಣು ತಯಾರಿಸಿ ಒಂದು ಸಣ್ಣ ನಾಳದ ಮೂಲಕ ಮೇಲಕ್ಕೆ ಕಳಿಸುವುದು ಇನ್ನೊಂದು. ವ್ಯಾಸೆಕ್ಟಮಿಯಲ್ಲಿ ಕತ್ತರಿಸುವುದು ಈ ನಾಳವನ್ನು ಮಾತ್ರ. ಹಾರ್ಮೋನು ಆ ನಾಳದಲ್ಲಿ ಹೋಗುವುದೇ ಇಲ್ಲ. ಆದ್ದರಿಂದ ಮೀಸೆ, ದನಿ, ಸ್ನಾಯು, ಆಸೆ, ನಿಮಿರುವಿಕೆ ಯಾವುದಕ್ಕೂ ಅದರಿಂದ ಅಡ್ಡಿಯಿಲ್ಲ. ಹೊರಬರುವ ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರ ಚಿಕ್ಕದು. ಉಳಿದ ದ್ರವವೆಲ್ಲ ಮೇಲಿನ ಗ್ರಂಥಿಗಳದ್ದು, ನಾಳ ಕತ್ತರಿಸಿದ ಮೇಲೂ ಅದು ಮೊದಲಿನಂತೆ ಬರುತ್ತದೆ. ವೃಷಣದಲ್ಲಿ ಹುಟ್ಟುತ್ತಲೇ ಇರುವ ವೀರ್ಯಾಣುಗಳನ್ನು ದೇಹ ಅಲ್ಲೇ ಹೀರಿಕೊಳ್ಳುತ್ತದೆ. ಹೋರಿಗೆ ಬೀಜ ಒಡೆಯುವುದನ್ನು ಕಂಡ ಊರಿನವರಿಗೆ ಗಂಡಸಿನ ಆಪರೇಷನ್ ಎಂದರೆ ಅದೇ ನೆನಪಾಗುತ್ತದೆ. ಆದರೆ ಅಲ್ಲಿ ಕೆಡಿಸುವುದು ವೃಷಣವನ್ನೇ. ಇಲ್ಲಿ ವೃಷಣವನ್ನು ಮುಟ್ಟುವುದಿಲ್ಲ.

ಇನ್ನು ಎರಡು ಆಪರೇಷನ್‌ಗಳನ್ನು ಪಕ್ಕಪಕ್ಕ ಇಡೋಣ. ಇಂದು ಗಂಡಸರಿಗೆ ಮಾಡುವುದು ಎನ್‌ಎಸ್‌ವಿ, ಅಂದರೆ ಚಾಕುವಿಲ್ಲದ ವ್ಯಾಸೆಕ್ಟಮಿ. 1974ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಲಿ ಶುನ್‌ಚಿಯಾಂಗ್ ಎಂಬ ವೈದ್ಯರು ರೂಪಿಸಿದ ಕ್ರಮ ಇದು. ವೃಷಣಚೀಲದ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ನಾಳವನ್ನು ಚರ್ಮದ ಹೊರಗಿನಿಂದಲೇ ಬೆರಳಲ್ಲಿ ಹುಡುಕಿ, ಉಂಗುರದ ತುದಿಯ ಚಿಮಟದಲ್ಲಿ ಹಿಡಿದು, ಚೂಪು ಮೂತಿಯ ಇನ್ನೊಂದು ಚಿಮಟದಿಂದ ಒಂದು ತೂತು ಮಾಡಿ ಹಿಗ್ಗಿಸುತ್ತಾರೆ. ನಾಳವನ್ನು ಹೊರಗೆಳೆದು ಒಂದು ತುಣುಕು ಕತ್ತರಿಸಿ, ತುದಿಗಳನ್ನು ಕಟ್ಟಿ, ನಡುವೆ ಪೊರೆಯನ್ನು ಅಡ್ಡ ತರುತ್ತಾರೆ. ಅದೇ ತೂತಿನಿಂದ ಇನ್ನೊಂದು ಕಡೆಯ ನಾಳ. ಹತ್ತಿಪ್ಪತ್ತು ನಿಮಿಷದ ಕೆಲಸ. ಹೊಲಿಗೆ ಬೇಕಾಗುವುದಿಲ್ಲ. ಸ್ವಲ್ಪ ಹೊತ್ತು ಕೂರಿಸಿ ಮನೆಗೆ ಕಳಿಸುತ್ತಾರೆ.

ಹೆಂಗಸಿಗೆ ಮಾಡುವುದು ಹೊಟ್ಟೆಯ ಆಪರೇಷನ್. ಮಿನಿಲ್ಯಾಪ್ ಆದರೆ ಹೊಟ್ಟೆಯ ಚರ್ಮದಿಂದ ಹಿಡಿದು ಒಳಪೊರೆಯವರೆಗೆ ಪದರ ಪದರವಾಗಿ ಬಿಡಿಸಿ, ಗರ್ಭನಾಳವನ್ನು ಹೊರಗೆಳೆದು, ಕಟ್ಟಿ, ಕತ್ತರಿಸಿ, ಮತ್ತೆ ಹೊಲಿಯಬೇಕು. ಲ್ಯಾಪ್ರೊಸ್ಕೋಪಿ ಆದರೆ ಹೊಟ್ಟೆಗೆ ಗಾಳಿ ತುಂಬಿ, ಕೊಳವೆ ಚುಚ್ಚಿ, ನಾಳಕ್ಕೆ ರಬ್ಬರಿನಂಥ ಉಂಗುರ ಹಾಕಬೇಕು. ಎರಡರಲ್ಲೂ ಕರುಳು, ಮೂತ್ರಕೋಶ, ದೊಡ್ಡ ರಕ್ತನಾಳಗಳು ಕೈಯ ಪಕ್ಕದಲ್ಲೇ ಇರುತ್ತವೆ. ಅರಿವಳಿಕೆಯೂ ಗಂಡಸಿಗೆ ಬೇಕಾದದ್ದಕ್ಕಿಂತ ಹೆಚ್ಚಿನದು. ಅತ್ತೆ ಕೇಳಿದ ‘ನಂಗೇನಾಯ್ತು’ ಎನ್ನುವುದು ನಿಜ. ಬಹುಪಾಲು ಹೆಂಗಸರಿಗೆ ಏನೂ ಆಗುವುದಿಲ್ಲ, ಸಾವು ಅಪರೂಪ. ಆದರೆ ಒಂದೇ ಫಲ ಕೊಡುವ ಎರಡು ದಾರಿಗಳಲ್ಲಿ ಒಂದು ಹೊಟ್ಟೆಯೊಳಗೆ ಹೋಗುತ್ತದೆ, ಇನ್ನೊಂದು ಚರ್ಮದ ಕೆಳಗೇ ಮುಗಿಯುತ್ತದೆ. ಹೊಟ್ಟೆಯೊಳಗಿನದ್ದನ್ನು ಆರಿಸುವುದಾದರೆ ಅದಕ್ಕೆ ಕಾರಣ ಕೊಡಬೇಕಾದ ಹೊಣೆ ಆರಿಸುವವರದ್ದು. ಈಗ ಕಾರಣ ಹೇಳಬೇಕಾಗಿರುವವಳು ಬೇಡವೆನ್ನುವ ಹೆಂಡತಿ.

ಗಂಡಸಿನ ಆಪರೇಷನ್‌ಗೂ ತೊಂದರೆಗಳಿವೆ, ಅವನ್ನು ಮುಚ್ಚಿಟ್ಟು ಒಪ್ಪಿಸುವುದು ಮೋಸ. ಒಂದೆರಡು ದಿನ ನೋವು, ಸ್ವಲ್ಪ ಊತ ಸಹಜ. ಚೀಲ ದಿನದಿಂದ ದಿನಕ್ಕೆ ದಪ್ಪವಾಗುತ್ತಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ. ಜ್ವರ, ಕೀವು ಬಂದರೆ ಸೋಂಕು. ಎರಡಕ್ಕೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ತಿಂಗಳುಗಟ್ಟಲೆ ಉಳಿಯುವ, ಬದುಕಿಗೆ ತೊಡಕಾಗುವ ನೋವು ಬರುವುದುಂಟು. ಇದನ್ನು ಗಂಡನಿಗೆ ಮೊದಲೇ ಹೇಳಬೇಕು. ಅಷ್ಟೇ ನೇರವಾಗಿ ಹೊಟ್ಟೆಯ ಆಪರೇಷನ್ನಿನ ಅಪಾಯಗಳನ್ನು ಹೆಂಡತಿಗೆ ಎಷ್ಟು ಜನ ಹೇಳುತ್ತಾರೆ?

ಎರಡನೆಯ ಮಾತು ದುಡಿಮೆಯದ್ದು. ‘ದುಡಿಯೋ ಗಂಡಸು’ ಎನ್ನುವಲ್ಲಿ ದಿನಗಳ ಲೆಕ್ಕ ಹಾಕೋಣ. ಗಾಡಿ ಓಡಿಸುವ ಈತ ಶುಕ್ರವಾರ ಬೆಳಿಗ್ಗೆ ಆಪರೇಷನ್ ಮಾಡಿಸಿಕೊಂಡರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ. ಎರಡು ದಿನ ವಿಶ್ರಾಂತಿ, ಬಿಗಿಯಾದ ಒಳಚಡ್ಡಿ, ಬೇಕಾದರೆ ನೋವಿನ ಮಾತ್ರೆ. ಸೋಮವಾರ ಸ್ಟೀರಿಂಗ್ ಹಿಡಿಯಬಹುದು. ಮೂಟೆ ಎತ್ತುವುದನ್ನು ಮಾತ್ರ ಒಂದು ವಾರ ಬೇರೆಯವರಿಗೆ ಬಿಡಬೇಕು.

ಅವಳಿಗೆ ಎರಡು ದಿನದ ಮೇಲೆ ಹಗುರ ಕೆಲಸ, ಪೂರ್ತಿ ಕೆಲಸಕ್ಕೆ ಮರಳಲು ಸುಮಾರು ಎರಡು ವಾರ ಎನ್ನುವುದು ಸಾಮಾನ್ಯ ಸಲಹೆ. ಹೊಲಿಗೆ ಬಿಚ್ಚಿಸಲು ನಡುವೆ ಇನ್ನೊಮ್ಮೆ ಆಸ್ಪತ್ರೆಗೆ ಹೋಗಬೇಕು. ಐದು ತಿಂಗಳ ಕೂಸು, ನಾಲ್ಕು ವರ್ಷದ ಹುಡುಗಿ, ಕೊಡಪಾನದ ನೀರು, ಬಟ್ಟೆಯ ಬಕೀಟು ಇರುವ ಮನೆಯಲ್ಲಿ ‘ಹಗುರ ಕೆಲಸ’ ಯಾವುದು? ಕೂಸನ್ನು ಎತ್ತದೆ ಹಾಲು ಕುಡಿಸುವುದು ಹೇಗೆ? ಆ ಎರಡು ವಾರಕ್ಕೆ ತವರಿನಿಂದ ಅವಳ ತಾಯಿ ಬರುತ್ತಾಳೆ, ತನ್ನ ಕೂಲಿ ಬಿಟ್ಟು. ಗಂಡನ ಒಂದು ವಾರದ ಮೂಟೆಯನ್ನು ಲೆಕ್ಕಕ್ಕೆ ಹಿಡಿದವರು ಇಬ್ಬರು ಹೆಂಗಸರ ಎರಡು ವಾರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದುಡಿಮೆಯ ವಾದವನ್ನು ಪ್ರಾಮಾಣಿಕವಾಗಿ ಕೂಡಿದರೆ ಅದು ಗಂಡನ ಆಪರೇಷನ್ನಿನ ಪರವಾಗಿಯೇ ನಿಲ್ಲುತ್ತದೆ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಭಯ, ಮತ್ತು ಅದು ಹೆಂಡತಿಯದ್ದು. ಗಂಡನಿಗೆ ಆಪರೇಷನ್ ಆದ ಮೇಲೆ ಅವಳು ಬಸಿರಾದರೆ? ಆಪರೇಷನ್ ಕೆಟ್ಟಿತು ಎಂದು ಊರು ಹೇಳುವುದಿಲ್ಲ, ಅವಳು ಕೆಟ್ಟಳು ಎನ್ನುತ್ತದೆ. ಎಷ್ಟೋ ಹೆಂಗಸರು ‘ನಂಗೇ ಆಗ್ಲಿ’ ಎಂದು ತಾವಾಗಿ ಮುಂದೆ ಬರುವುದಕ್ಕೆ ತ್ಯಾಗಬುದ್ಧಿಗಿಂತ ಈ ಭಯವೇ ಕಾರಣವಾಗಿರುತ್ತದೆ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಮದ್ದು ಇದೆ.

ವ್ಯಾಸೆಕ್ಟಮಿ ಆದ ದಿನವೇ ಗಂಡಸು ಸುರಕ್ಷಿತನಾಗುವುದಿಲ್ಲ. ಕತ್ತರಿಸಿದ ಜಾಗದಿಂದ ಮುಂದೆ, ಮೇಲಿನ ಕಡೆ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಅಥವಾ ಹೆಂಡತಿಗೆ ಇನ್ನೊಂದು ವಿಧಾನ ಇರಲೇಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂಬ ವರದಿ ಕೈಗೆ ಬಂದ ಮೇಲೆಯೇ ಆಪರೇಷನ್ ಮುಗಿಯಿತು ಎನ್ನಬೇಕು. ಈ ಮೂರು ತಿಂಗಳನ್ನು ಯಾರೂ ಹೇಳದಿದ್ದರೆ, ಹೇಳಿದರೂ ಗಂಡ ಕಿವಿಗೆ ಹಾಕಿಕೊಳ್ಳದಿದ್ದರೆ, ಆ ಅವಧಿಯಲ್ಲೇ ಬಸಿರು ನಿಲ್ಲಬಹುದು. ಪರೀಕ್ಷೆಯಲ್ಲಿ ಪಾಸಾದ ಮೇಲೆ ನಾಳ ತಾನಾಗಿ ಕೂಡಿಕೊಂಡು ಬಸಿರಾಗುವ ಸಂಭವ ಸುಮಾರು ಎರಡು ಸಾವಿರಕ್ಕೆ ಒಂದು. ಅದೂ ಆಗಬಹುದು ಎಂಬುದನ್ನು ಗಂಡ ಆಪರೇಷನ್‌ಗೆ ಮುಂಚೆಯೇ ತಿಳಿದಿರಬೇಕು. ಆಮೇಲೆ ಸಂಶಯ ಬಂದರೆ ಕೇಳಬೇಕಾದದ್ದು ಹೆಂಡತಿಯ ಶೀಲವನ್ನಲ್ಲ, ಇನ್ನೊಂದು ವೀರ್ಯ ಪರೀಕ್ಷೆಯನ್ನು.

ಇದರ ಎದುರಿಗೆ ಟ್ಯುಬೆಕ್ಟಮಿ ‘ಗ್ಯಾರಂಟಿ’ ಎಂಬ ನಂಬಿಕೆಯಿದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಅನುಸರಿಸಿ 1996ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಸಾವಿರಕ್ಕೆ 18ರಷ್ಟು ಹೆಂಗಸರು ಆಪರೇಷನ್ ಆದ ಮೇಲೂ ಬಸಿರಾಗಿದ್ದರು. ಆ ಬಸಿರುಗಳಲ್ಲಿ ಮೂರಕ್ಕೆ ಒಂದರಷ್ಟು ಗರ್ಭಕೋಶದ ಹೊರಗೆ ನಿಂತಿದ್ದವು. ನಾಳದಲ್ಲಿ ನಿಂತ ಬಸಿರು ಒಡೆದರೆ ಒಳಗೇ ರಕ್ತಸ್ರಾವವಾಗಿ ಜೀವಕ್ಕೆ ಅಪಾಯ. ಹೀಗಾಗಿ ಟ್ಯುಬೆಕ್ಟಮಿ ಆದವಳಿಗೆ ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಕಡೆ ನೋವು, ತಲೆಸುತ್ತು ಬಂದರೆ ‘ಆಪರೇಷನ್ ಆಗಿದೆಯಲ್ಲ’ ಎಂದು ಕೂರುವ ಹಾಗಿಲ್ಲ. ಗಂಡನ ಆಪರೇಷನ್ ಕೆಟ್ಟರೆ ನಿಲ್ಲುವ ಬಸಿರಿಗೆ ಈ ಹೆಚ್ಚುವರಿ ಅಪಾಯವಿಲ್ಲ.

ಈಗ ಬಲವಿರುವ ಆ ಒಂದು ಕಾರಣ. ಎರಡನೆಯದು ಸಿಸೇರಿಯನ್ ಆದರೆ ‘ಹೇಗೂ ಹೊಟ್ಟೆ ತೆರೆದಿರುತ್ತೆ, ಅಲ್ಲೇ ಕಟ್ಟಿಸಿಬಿಡಿ’ ಎನ್ನುತ್ತಾರೆ. ಇದು ಪೊಳ್ಳು ವಾದವಲ್ಲ. ಹೊಟ್ಟೆ ತೆರೆದೇ ಇರುವಾಗ ನಾಳ ಕಟ್ಟುವುದಕ್ಕೆ ಕೆಲವೇ ನಿಮಿಷ ಹೆಚ್ಚು ಬೇಕು, ಬೇರೆ ಅರಿವಳಿಕೆ ಬೇಡ, ಬೇರೆ ಗಾಯವಿಲ್ಲ. ಮುಂಚೆಯೇ ಯೋಚಿಸಿ ತನಗೆ ಇದೇ ಬೇಕು ಎನ್ನುವ ಹೆಂಗಸಿಗೆ ಬೇಡ ಎನ್ನಲು ಯಾರಿಗೂ ಹಕ್ಕಿಲ್ಲ.

ಆದರೆ ಈ ವಾದ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿಲ್ಲ. ಕಲ್ಪಿಸಿಕೊಂಡ ನಮ್ಮ ಮನೆಯಂತೆ ನಾರ್ಮಲ್ ಹೆರಿಗೆಯಾದವರ ಮೇಲೂ ಅದೇ ತೀರ್ಪು ಬೀಳುತ್ತದೆ. ಅಲ್ಲಿ ‘ಹೇಗೂ ತೆರೆದ ಹೊಟ್ಟೆ’ ಎಲ್ಲಿದೆ? ಸಿಸೇರಿಯನ್ ಆದಾಗಲೂ ಸಹಿ ಬೀಳುವ ಹೊತ್ತನ್ನು ನೋಡಬೇಕು. ನೋವು ಶುರುವಾದ ಮೇಲೆ, ಥಿಯೇಟರಿನ ಬಾಗಿಲಲ್ಲಿ, ಇನ್ನೂ ಮುಖ ಕಾಣದ ಮಗುವಿನ ಆರೋಗ್ಯ ಗೊತ್ತಾಗುವ ಮೊದಲೇ ‘ಇದನ್ನೂ ಮಾಡಿಬಿಡೋಣವಾ’ ಎಂದು ಕೇಳುವುದು ಒಪ್ಪಿಗೆ ಪಡೆಯುವ ಕ್ರಮವಲ್ಲ. ಅದೇ ಅಮೆರಿಕದ ಅಧ್ಯಯನದಲ್ಲಿ, ಮೂವತ್ತು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ 14 ವರ್ಷದೊಳಗೆ ನೂರಕ್ಕೆ 20 ಮಂದಿ ಪಶ್ಚಾತ್ತಾಪಪಟ್ಟರು. ಮೂವತ್ತು ದಾಟಿದವರಲ್ಲಿ ಆ ಪ್ರಮಾಣ ನೂರಕ್ಕೆ ಆರು. ನಮ್ಮಲ್ಲಿ ಮೂವತ್ತು ತುಂಬುವ ಮೊದಲೇ ಆಪರೇಷನ್ ಮುಗಿಸಿದವರು ಬೀದಿ ಬೀದಿಯಲ್ಲೂ ಸಿಗುತ್ತಾರೆ.

ಆತುರಪಡಲು ಕಾರಣವೂ ಇಲ್ಲ. ಹೆರಿಗೆಯಾದ ಕೂಡಲೇ, ಸಿಸೇರಿಯನ್ನಿನಲ್ಲೂ, ಕಾಪರ್-ಟಿ ಹಾಕಬಹುದು. 380ಎ ಎನ್ನುವ ಬಗೆ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವಾದ ದಿನ ತೆಗೆಸಬಹುದು. ಕೂಸಿಗೆ ಒಂದೆರಡು ವರ್ಷವಾಗಿ, ಇಬ್ಬರಿಗೂ ಮನಸ್ಸು ಗಟ್ಟಿಯಾದ ಮೇಲೆ ಗಂಡ ಬಿಡುವಿನ ವಾರದಲ್ಲಿ ಹೋಗಿ ಬರಬಹುದು. ‘ಹೇಗೂ’ ಎನ್ನುವ ಅವಸರ ಹೆಂಡತಿಯ ದೇಹಕ್ಕೆ ಮಾತ್ರ ಅನ್ವಯಿಸುವುದು ಏಕೆ?

ಗಂಡಸರ ಹಿಂಜರಿಕೆಗೆ ಸರ್ಕಾರವೂ ಕಾರಣ ಎನ್ನುವವರಿದ್ದಾರೆ. ಅದು ನಿಜ. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಅವುಗಳಲ್ಲಿ ಮುಕ್ಕಾಲು ಪಾಲು ಗಂಡಸರವು. ಸಂಬಳ ತಡೆಹಿಡಿದು, ರೇಷನ್ ಕಾರ್ಡಿಗೆ ಕೊಕ್ಕೆ ಹಾಕಿ, ಪೊಲೀಸರನ್ನು ಕಳಿಸಿ ಮಾಡಿಸಿದ ಆ ಆಪರೇಷನ್‌ಗಳ ಸಿಟ್ಟು 1977ರ ಚುನಾವಣೆಯಲ್ಲಿ ಸ್ಫೋಟಿಸಿತು. ಅಲ್ಲಿಂದ ಮುಂದೆ ಪಕ್ಷಗಳು ಗಂಡಸರ ಹತ್ತಿರ ಈ ಮಾತನ್ನು ಗಟ್ಟಿಯಾಗಿ ಎತ್ತಲು ಹಿಂಜರಿದವು. ಕಾರ್ಯಕ್ರಮ ನಿಲ್ಲಲಿಲ್ಲ, ಪ್ರತಿಭಟಿಸದ ದೇಹಗಳ ಕಡೆಗೆ ತಿರುಗಿತು.

ಅದರ ಬೆಲೆ ಎಷ್ಟೆಂಬುದು 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ಕಾಣಿಸಿತು. ಒಂದು ಶಿಬಿರದಲ್ಲಿ ಒಬ್ಬ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದಿತು. 1976ರ ಬಲವಂತ ಗಂಡಸರಿಗೆ ಐವತ್ತು ವರ್ಷದ ವಿನಾಯಿತಿ ಕೊಡಿಸಿತು. 2014ರ ಸಾವುಗಳು ಹೆಂಗಸರಿಗೆ ಅಂಥ ವಿನಾಯಿತಿಯನ್ನು ಕೊಡಿಸಲಿಲ್ಲ. ಆದ್ದರಿಂದ ತುರ್ತುಪರಿಸ್ಥಿತಿಯ ನೆನಪು ಬಲವಂತದ ವಿರುದ್ಧ ಒಳ್ಳೆಯ ವಾದ, ಹೆಂಡತಿಯನ್ನು ಮುಂದೆ ತಳ್ಳುವುದಕ್ಕೆ ವಾದವೇ ಅಲ್ಲ. ಗಂಡಸರನ್ನು ಮತ್ತೆ ಎಳೆದು ತರಬೇಕು ಎಂದು ನಾನು ಹೇಳುತ್ತಿಲ್ಲ. ಒಲ್ಲೆ ಎಂದ ಗಂಡನಿಗೆ ಚಿಮಟ ಹಾಕುವುದು ಆಗಲೂ ತಪ್ಪು, ಈಗಲೂ ತಪ್ಪು. ಆದರೆ ಅವನ ಒಲ್ಲೆ ತಾನಾಗಿಯೇ ಅವಳ ಒಪ್ಪಿಗೆಯಾಗಿ ಬದಲಾಗಬಾರದು.

ಕೊನೆಯ ಕಾರಣ ಪಿಸುಮಾತಿನದ್ದು: ‘ನಾಳೆ ಏನಾದರೂ ಆದರೆ?’ ಮಗುವಿಗೆ ಏನಾದರೂ ಆದರೆ ಎನ್ನುವುದು ಅದರ ಮೇಲಿನ ಅರ್ಥ. ಆದರೆ ಆ ಚಿಂತೆ ಇಬ್ಬರಿಗೂ ಸಮಾನ, ಅದಕ್ಕೆ ಉತ್ತರ ಶಾಶ್ವತ ಆಪರೇಷನ್ನನ್ನೇ ಮುಂದೂಡಿ ಕಾಪರ್-ಟಿ ಹಾಕಿಸುವುದು. ಎರಡೂ ಆಪರೇಷನ್‌ಗಳನ್ನು ಬಿಚ್ಚಿ ಕೂಡಿಸಲು ಪ್ರಯತ್ನಿಸಬಹುದು, ಯಾವುದಕ್ಕೂ ಖಾತರಿಯಿಲ್ಲ. ಹಾಗಾದರೆ ಗಂಡನ ನಾಳವನ್ನೇ ಕಾದಿಡುವುದು ಏಕೆ? ಹೆಂಡತಿ ಇಲ್ಲವಾದರೆ ಅವನು ಇನ್ನೊಂದು ಮದುವೆಯಾಗಿ ಮಕ್ಕಳನ್ನು ಪಡೆಯಬಹುದು, ಗಂಡ ಇಲ್ಲವಾದರೆ ಅವಳಿಗೆ ಇನ್ನೊಂದು ಬದುಕು ಬೇಡ, ಎಂಬ ಲೆಕ್ಕ ಅದರ ಅಡಿಯಲ್ಲಿದೆ. ಆ ಲೆಕ್ಕವನ್ನು ಗಟ್ಟಿಯಾಗಿ ಹೇಳಿ ನೋಡಲಿ. ಅವಳ ಮುಖ ನೋಡಿಕೊಂಡು ಹೇಳಲು ಯಾವ ಗಂಡನಿಗೂ ಬಾಯಿ ಬರಲಾರದು.

ಹಾಗಾದರೆ ಆ ರಾತ್ರಿಯ ಮಾತು ಹೇಗೆ ಸಾಗಬೇಕಿತ್ತು? ಮೊದಲು, ಇನ್ನು ಮಕ್ಕಳು ಬೇಡ ಎನ್ನುವುದು ಇಬ್ಬರಿಗೂ ಖಚಿತವೇ? ಇಲ್ಲವಾದರೆ ಆಪರೇಷನ್ ಮಾತೇ ಬೇಡ. ಖಚಿತವಾದರೆ, ಗಂಡನಿಗೆ ಆಪರೇಷನ್ ಮಾಡಬಾರದ ವೈದ್ಯಕೀಯ ಕಾರಣವೇನಾದರೂ ಇದೆಯೇ? ಅದನ್ನು ವೈದ್ಯರು ಹೇಳಬೇಕು, ಅತ್ತೆಯಲ್ಲ. ಅಂಥದ್ದೇನೂ ಇಲ್ಲವಾದರೆ ಅವನಿಗೇ ಆಗುವುದು ಸಹಜ ತೀರ್ಮಾನ. ಅವಳಿಗೆ ಬೇರೆ ಕಾರಣಕ್ಕೆ ಹೊಟ್ಟೆಯ ಆಪರೇಷನ್ ಬೇಕಿದ್ದರೆ, ಅಥವಾ ಎಲ್ಲ ತಿಳಿದು ತನಗೇ ಆಗಲಿ ಎಂದು ಅವಳು ಕೇಳಿದರೆ, ಆಗ ಅದು ವಿನಾಯಿತಿ. ಇಂದು ವಿನಾಯಿತಿಯೇ ನಿಯಮವಾಗಿ ಕೂತಿದೆ.

ಮಾತು ಹೀಗೆ ತಿರುಗಬೇಕಾದರೆ ಅದು ಶುರುವಾಗುವ ಜಾಗವೂ ಬದಲಾಗಬೇಕು. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಮಾಡಿಸಿಕೊಳ್ಳುವವರ ಒಪ್ಪಿಗೆಯಷ್ಟೇ ಸಾಕು, ಸಂಗಾತಿಯ ಸಹಿ ಬೇಕಿಲ್ಲ. ಆದರೂ ಹೆಂಡತಿಯ ಆಪರೇಷನ್‌ಗೆ ಗಂಡನನ್ನು ಹುಡುಕಿ ಕರೆತಂದು ಸಹಿ ಹಾಕಿಸುವ ವಾಡಿಕೆ ಎಷ್ಟೋ ಕಡೆ ಇದೆ. ಸಹಿಗೆ ಸಿಗುವ ಗಂಡ ಪ್ರಶ್ನೆಗೂ ಸಿಗುತ್ತಾನೆ. ವರ್ಷಕ್ಕೊಮ್ಮೆ ನವೆಂಬರ್ ಕೊನೆಯಲ್ಲಿ ವ್ಯಾಸೆಕ್ಟಮಿ ಪಾಕ್ಷಿಕ ಎಂದು ಬ್ಯಾನರ್ ಕಟ್ಟಿ ಇಳಿಸುವುದರಿಂದ ಆ ಸೊನ್ನೆ ಅಲುಗಿಲ್ಲ. ಎರಡನೆಯ ಬಸಿರಿನ ಏಳನೆಯ ತಿಂಗಳ ತಪಾಸಣೆಗೆ ಗಂಡನನ್ನೂ ಒಳಗೆ ಕರೆದು ಕೂರಿಸಿ, ಎರಡೂ ಆಪರೇಷನ್‌ಗಳನ್ನು ಪಕ್ಕಪಕ್ಕ ವಿವರಿಸಿ, ‘ನೀವು ಮಾಡಿಸಿಕೊಳ್ಳುತ್ತೀರಾ’ ಎಂದು ಮೊದಲು ಅವನನ್ನು ಕೇಳಲಿ. ಅವನು ಒಲ್ಲೆ ಎಂದರೆ ಕಾರಣವನ್ನೂ ಅವನೇ ಹೇಳಲಿ, ಹೆಂಡತಿಯ ಎದುರಿಗೆ.